ಹಳೇ ಪೈಪಿಗೆ ಹೊಸ ಮಂಜೂರಾತಿ: ಒಂದು ಕಚೇರಿ ಪತ್ರದ ಒಳಲೆಕ್ಕ

‘ಸದರಿ ಗ್ರಾಮದ ಕುಡಿಯುವ ನೀರಿನ ಪೈಪ್‌ಲೈನು ಬಹಳ ಹಳೆಯದಾಗಿದ್ದು, ಪದೇ ಪದೇ ಒಡೆದು ಸಾರ್ವಜನಿಕರಿಗೆ ತೀವ್ರ ತೊಂದರೆಯಾಗುತ್ತಿರುವುದರಿಂದ ಹೊಸ ಪೈಪ್‌ಲೈನ್ ಅಳವಡಿಸಲು ಅನುಮೋದನೆ ನೀಡಬೇಕೆಂದು ಕೋರಲಾಗಿದೆ.’

ಜಿಲ್ಲಾ ಪಂಚಾಯತಿಗಳ ಕಡತಗಳಲ್ಲಿ ಈ ಧಾಟಿಯ ವಾಕ್ಯಕ್ಕೆ ಬರವಿಲ್ಲ. ವಾಕ್ಯದಲ್ಲಿ ಸುಳ್ಳೂ ಇಲ್ಲ. ಆದರೆ ಅದನ್ನು ಓದಿ ತೀರ್ಮಾನ ಕೈಗೊಳ್ಳಬೇಕಾದ ಅಧಿಕಾರಿಗೆ ಬೇಕಾದ ಒಂದು ಸಂಗತಿಯೂ ಅದರಲ್ಲಿಲ್ಲ. ಎಷ್ಟು ಉದ್ದದ ಪೈಪು, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ನೀರು ಸೋರುತ್ತಿದೆ, ಸೋರುತ್ತಿರುವುದು ಪೈಪಿನಲ್ಲೋ ವಾಲ್ವಿನಲ್ಲೋ, ಹೊಸದಾಗಿ ಹಾಕುವ ಪೈಪು ಎಷ್ಟು ದಪ್ಪದ್ದು, ದುಡ್ಡು ಯಾವ ಅನುದಾನದಿಂದ? ಉತ್ತರ ಸಿಗದೆ ವಿಷಯ ನಿರ್ವಾಹಕರು ಕಡತದ ಮೇಲೆ ‘ಸ್ಪಷ್ಟೀಕರಣದೊಂದಿಗೆ ಮರುಸಲ್ಲಿಸಿ’ ಎಂದು ಷರಾ ಬರೆಯುತ್ತಾರೆ. ಕಡತ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಊರಿನಲ್ಲಿ ‘ಜಿಲ್ಲೆಯಲ್ಲಿ ಫೈಲ್ ಕೂತಿದೆ’ ಎಂಬ ಮಾತು ಹುಟ್ಟುತ್ತದೆ. ಫೈಲ್ ಕೂರುವುದಕ್ಕೆ ಬೇರೆ ಕಾರಣಗಳೂ ಉಂಟು, ಅವು ಎಲ್ಲರಿಗೂ ಗೊತ್ತು. ಆದರೆ ಪತ್ರ ಪೊಳ್ಳಾಗಿದ್ದರೆ ಅದನ್ನು ಕೂರಿಸುವುದು ಬಹಳ ಸುಲಭ.

ಇಲ್ಲಿ ಒಂದು ವಿವರ ಹೇಳಿಬಿಡಬೇಕು. ಊರವರು ‘ಪಂಚಾಯ್ತಿ ಇಂಜಿನಿಯರ್’ ಎನ್ನುವ ವ್ಯಕ್ತಿ ಸಾಮಾನ್ಯವಾಗಿ ಆ ಗ್ರಾಮ ಪಂಚಾಯತಿಯ ನೌಕರನಲ್ಲ. ಇಲಾಖೆಯ ತಾಲ್ಲೂಕು ಉಪವಿಭಾಗದ ಕಿರಿಯ ಅಥವಾ ಸಹಾಯಕ ಇಂಜಿನಿಯರ್ ಆಗಿದ್ದು, ಹಲವು ಪಂಚಾಯತಿಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಾರೆ. ಆದ್ದರಿಂದ ಅವರ ಪತ್ರ ನೇರವಾಗಿ ಜಿಲ್ಲೆಗೆ ಹೋಗುವುದಿಲ್ಲ. ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಮೂಲಕ ವಿಭಾಗದ ಕಾರ್ಯಪಾಲಕ ಇಂಜಿನಿಯರ್‌ಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಕಚೇರಿಗೆ ಏರುತ್ತದೆ. ಪ್ರತಿ ಮೆಟ್ಟಿಲಲ್ಲೂ ಓದುವವರಲ್ಲಿ ಹೆಚ್ಚಿನವರು ಆ ಊರನ್ನು ಕಂಡವರಲ್ಲ. ಆ ಕೇರಿ, ಆ ಚರಂಡಿ, ಆ ಓವರ್‌ಹೆಡ್ ಟ್ಯಾಂಕು ಅವರ ಪಾಲಿಗೆ ಕಾಗದದ ಮೇಲಷ್ಟೇ ಇರುತ್ತವೆ.

ಲೆಕ್ಕ ಹಾಕಿ ತೋರಿಸಲು ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಬಯಲುಸೀಮೆಯ ಎರೆಭೂಮಿ, 1,800 ಜನ. ಬೋರ್‌ವೆಲ್‌ನಿಂದ ನೀರು 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ ಏರುತ್ತದೆ. ಅಲ್ಲಿಂದ 80 ಮಿಲಿಮೀಟರ್ ಒಳವ್ಯಾಸದ ಎ.ಸಿ. ಪೈಪು, ಅಂದರೆ ಕಲ್ನಾರು ಸಿಮೆಂಟಿನ ಹಳೆಯ ಮುಖ್ಯ ಕೊಳವೆ, 1,100 ಮೀಟರ್ ಸಾಗಿ ಮೂರು ಕೇರಿಗಳಿಗೆ ಕವಲೊಡೆಯುತ್ತದೆ. ಕೇರಿಗಳೊಳಗಿನ ಪೈಪು ನಂತರ ಹಾಕಿದ ಪಿ.ವಿ.ಸಿ., ಒಟ್ಟು 1,500 ಮೀಟರ್. ನೀರು ಬಿಡುವುದು ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ.

ಊರವರ ಬೇಡಿಕೆ ‘ಎಲ್ಲಾ ಪೈಪೂ ಬದಲಾಯಿಸಿ’ ಎಂಬುದು. ಹಾಗೆ ಬರೆದರೆ 2,600 ಮೀಟರಿಗೆ ಅಂದಾಜು ಪಟ್ಟಿ ಮಾಡಬೇಕು. ದುಡ್ಡು ಸಿಗುವುದು ಕಷ್ಟ, ಸಿಕ್ಕರೂ ಅರ್ಧಕ್ಕರ್ಧ ವ್ಯರ್ಥವಾಗಬಹುದು. ಮೊದಲು ರೋಗ ಎಲ್ಲಿದೆ ಎಂದು ಕಂಡುಹಿಡಿಯಬೇಕು. ಅದಕ್ಕೆ ದುಬಾರಿ ಯಂತ್ರವೇನೂ ಬೇಡ. ಟ್ಯಾಂಕು, ಒಂದು ಅಳತೆ ಕೋಲು, ಗಡಿಯಾರ, ಮತ್ತು ಊರಿನ ವಾಲ್ವುಗಳನ್ನೆಲ್ಲ ಕೈಯಳತೆಯಲ್ಲಿ ಬಲ್ಲ ನೀರುಗಂಟಿ ಸಾಕು.

ಪರೀಕ್ಷೆ ನಡೆಯುವುದು ರಾತ್ರಿ ಹತ್ತರ ಮೇಲೆ. ಅಂದು ನಲ್ಲಿ ತಿರುಗಿಸಬೇಡಿ ಎಂದು ಸಂಜೆಯೇ ಡಂಗುರ ಹೊಡೆಸಿರಬೇಕು. ಟ್ಯಾಂಕು ತುಂಬಿಸಿ, ಮೋಟಾರು ನಿಲ್ಲಿಸಿ, ಮೂರೂ ಕೇರಿಗಳ ಗೇಟ್ ವಾಲ್ವು ಮುಚ್ಚಿ, ಮುಖ್ಯ ಕೊಳವೆಗೆ ಮಾತ್ರ ನೀರು ಬಿಡುತ್ತಾರೆ. ಆಮೇಲೆ ಗಂಟೆಗೊಮ್ಮೆ ಟ್ಯಾಂಕಿನ ನೀರು ಎಷ್ಟು ಇಳಿಯಿತೆಂದು ಅಳೆಯುವುದು. ಟ್ಯಾಂಕಿನ ಒಳವ್ಯಾಸ 5 ಮೀಟರ್ ಆದರೆ ಒಂದು ಸೆಂಟಿಮೀಟರ್ ಇಳಿತಕ್ಕೆ ಸುಮಾರು 196 ಲೀಟರ್ ಹೋಯಿತೆಂದು ಲೆಕ್ಕ.

ಅವಸರದವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಸಂಜೆ ನೀರು ನಿಲ್ಲಿಸಿದ ಮೇಲೆ ಮುಖ್ಯ ಕೊಳವೆ ಅರ್ಧಂಬರ್ಧ ಖಾಲಿಯಾಗಿರುತ್ತದೆ. 80 ಮಿಲಿಮೀಟರಿನ 1,100 ಮೀಟರ್ ಪೈಪಿನ ಹೊಟ್ಟೆ ತುಂಬಲೇ ಸುಮಾರು 5,500 ಲೀಟರ್ ಬೇಕು, ಟ್ಯಾಂಕಿನಲ್ಲಿ ಅದು 28 ಸೆಂಟಿಮೀಟರ್. ಅದನ್ನೂ ಸೋರಿಕೆಯ ಲೆಕ್ಕಕ್ಕೆ ಬರೆದರೆ ಪತ್ರ ಜೋರಾಗಿ ಕಾಣಿಸುತ್ತದೆ, ಆದರೆ ಕಾರ್ಯಪಾಲಕ ಇಂಜಿನಿಯರ್ ಒಮ್ಮೆ ಗುಣಾಕಾರ ಮಾಡಿದರೆ ಸಾಕು, ಪೂರ್ತಿ ಕಡತದ ಮೇಲೇ ನಂಬಿಕೆ ಹೋಗುತ್ತದೆ. ಆದ್ದರಿಂದ ಪೈಪು ಪೂರ್ತಿ ತುಂಬಿ, ಗಾಳಿ ಹೊರಹೋಗಿ, ಇಳಿತ ಒಂದೇ ವೇಗಕ್ಕೆ ಬಂದ ಮೇಲೆಯೇ ಗಡಿಯಾರ ನೋಡಬೇಕು.

ನಮ್ಮ ಊರಿನಲ್ಲಿ ಮುಖ್ಯ ಕೊಳವೆಯೊಂದರಿಂದಲೇ ಗಂಟೆಗೆ 14 ಸೆಂಟಿಮೀಟರ್ ಇಳಿಯಿತು ಎಂದುಕೊಳ್ಳಿ, ಅಂದರೆ ಸುಮಾರು 2,750 ಲೀಟರ್. ಅನಂತರ ಒಂದೊಂದೇ ಕೇರಿಯ ವಾಲ್ವು ತೆರೆದು, ಆ ಕೇರಿಯ ಪೈಪೂ ತುಂಬಿದ ಮೇಲೆ ಮತ್ತೆ ಅಳೆಯುತ್ತಾರೆ. ಮೂರೂ ತೆರೆದಾಗ ಇಳಿತ 17 ಸೆಂಟಿಮೀಟರಿಗೆ ಬಂದು ನಿಂತಿತು. ಹದಿನೇಳರಲ್ಲಿ ಹದಿನಾಲ್ಕು ಮುಖ್ಯ ಕೊಳವೆಯದು. ಕೇರಿಯೊಳಗಿನ ಪೈಪನ್ನು ಮುಟ್ಟುವ ಅಗತ್ಯವೇ ಇಲ್ಲ, ಅಲ್ಲಿನದು ರಿಪೇರಿಗೆ ಸಿಗುವ ಸೋರಿಕೆ. 2,600 ಮೀಟರಿನ ಬೇಡಿಕೆ 1,100ಕ್ಕೆ ಇಳಿಯಿತು.

ಆದರೂ ಒಂದು ಅನುಮಾನ ಉಳಿಯುತ್ತದೆ. ಕೇರಿಯ ವಾಲ್ವು ಸರಿಯಾಗಿ ಮುಚ್ಚಿಕೊಂಡಿತ್ತೇ? ಹಳೆಯ ಗೇಟ್ ವಾಲ್ವಿನ ತಳದಲ್ಲಿ ಮರಳು ಕೂತರೆ ಹಿಡಿ ಎಷ್ಟು ತಿರುಗಿಸಿದರೂ ನೀರು ನುಸುಳುತ್ತದೆ. ‘ಇದು ಪಾಸ್ ಆಗ್ತದೆ ಸಾರ್’ ಎಂದು ನೀರುಗಂಟಿಯೇ ಹೇಳಿಬಿಡುತ್ತಾನೆ. ಅದನ್ನು ನೋಡಲು ವಾಲ್ವಿನಾಚೆಯ ತಗ್ಗಿನ ಮನೆಯ ನಲ್ಲಿಯೊಂದನ್ನು ತೆರೆದಿಟ್ಟರೆ ಆಯಿತು. ಸ್ವಲ್ಪ ಹೊತ್ತಿನಲ್ಲಿ ತೊಟ್ಟಿಕ್ಕುವುದು ನಿಂತರೆ ವಾಲ್ವು ಸರಿ ಇದೆ, ನಿಲ್ಲದಿದ್ದರೆ ಮೊದಲು ವಾಲ್ವು ರಿಪೇರಿ, ಆಮೇಲೆ ಪರೀಕ್ಷೆ.

ರಾತ್ರಿಯ ಅಂಕಿಯನ್ನು ಹಾಗೇ ಹಗಲಿಗೆ ಗುಣಿಸುವುದೂ ನ್ಯಾಯವಲ್ಲ. ನಲ್ಲಿಗಳೆಲ್ಲ ಮುಚ್ಚಿರುವಾಗ ಪೈಪಿನಲ್ಲಿ ಒತ್ತಡ ಹೆಚ್ಚು, ಸೋರಿಕೆಯೂ ಹೆಚ್ಚು. ಐದು ಗಂಟೆಯ ಸರಬರಾಜಿಗೆ 13,750 ಲೀಟರ್ ಎನ್ನುವ ಬದಲು ಮೂರರಲ್ಲೆರಡು ಪಾಲು ಹಿಡಿದು ‘ದಿನಕ್ಕೆ ಸುಮಾರು 9,000 ಲೀಟರ್’ ಎಂದು ಬರೆಯುವ ಇಂಜಿನಿಯರ್ ಜಾಣ. ಆ ನೀರನ್ನು ಬೋರ್‌ವೆಲ್ ಆಳವೂ ಟ್ಯಾಂಕಿನ ಎತ್ತರವೂ ಸೇರಿ 140 ಮೀಟರ್ ಎತ್ತಬೇಕಾದರೆ, ಮೋಟಾರು ಮತ್ತು ಪಂಪಿನ ಒಟ್ಟು ದಕ್ಷತೆ ನೂರಕ್ಕೆ 45 ಎಂದು ಹಿಡಿದರೂ, ಸಾವಿರ ಲೀಟರಿಗೆ 0.85 ಯೂನಿಟ್ ಕರೆಂಟು ಹೋಗುತ್ತದೆ. ವರ್ಷಕ್ಕೆ ಸುಮಾರು 2,800 ಯೂನಿಟ್. ಪಂಚಾಯತಿಯ ವಿದ್ಯುತ್ ಬಿಲ್ಲಿನ ಬಾಕಿ ನೋಡಿ ನೋಡಿ ಸುಸ್ತಾದ ಅಧಿಕಾರಿಗೆ ‘ತೀವ್ರ ತೊಂದರೆ’ ಎಂಬ ಪದಕ್ಕಿಂತ ಈ ಒಂದು ಅಂಕಿ ಹೆಚ್ಚು ನಾಟುತ್ತದೆ.

ಎಷ್ಟು ಸೋರುತ್ತದೆ ಎಂಬುದರಷ್ಟೇ ಮುಖ್ಯ, ಪೈಪು ಯಾಕೆ ಒಡೆಯುತ್ತದೆ ಎಂಬುದು. ಇದಕ್ಕೆ ಅಗೆದು ತೆಗೆದ ತುಂಡುಗಳನ್ನೇ ನೋಡಬೇಕು. ಪೈಪು ಕಬ್ಬು ಮುರಿದಂತೆ ಅಡ್ಡಕ್ಕೆ ಮುರಿದಿದ್ದರೆ ತಪ್ಪು ಮೇಲಿನ ಭಾರದ್ದು ಅಥವಾ ಕೆಳಗಿನ ಮಣ್ಣಿನದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ, ಬಾಗಲು ಬಾರದ ಎ.ಸಿ. ಪೈಪು ಆ ಎಳೆದಾಟಕ್ಕೆ ತಾಳುವುದಿಲ್ಲ. ಆಳ ಸಾಲದಿದ್ದರೆ ಕಬ್ಬಿನ ಟ್ರ್ಯಾಕ್ಟರಿನ ಚಕ್ರವೂ ಅದೇ ಕೆಲಸ ಮಾಡುತ್ತದೆ. ಉದ್ದಕ್ಕೆ ಸೀಳಿದ್ದರೆ ಒಳಗಿನ ಒತ್ತಡದ ಏಟು: ಯಾರೋ ವಾಲ್ವನ್ನು ಥಟ್ಟನೆ ಮುಚ್ಚುತ್ತಿದ್ದಾರೆ, ಅಥವಾ ಟ್ಯಾಂಕಿಗೆ ಏರಿಸದೆ ಮೋಟಾರಿನಿಂದ ನೇರವಾಗಿ ಕೇರಿಗೆ ನೀರು ಒತ್ತುತ್ತಿದ್ದಾರೆ. ಪೈಪು ಗಟ್ಟಿಯಾಗಿದ್ದು ಜಾಯಿಂಟಿನಲ್ಲಿ ಮಾತ್ರ ಸೋರುತ್ತಿದ್ದರೆ ರಬ್ಬರ್ ರಿಂಗಿನ ಆಯುಸ್ಸು ಮುಗಿದಿದೆ. ಒಳಗೋಡೆಯನ್ನು ಉಗುರಿನಿಂದ ಕೆರೆದಾಗ ಪುಡಿ ಬಂದರೆ ನೀರು ಸಿಮೆಂಟಿನ ಸುಣ್ಣವನ್ನು ಕರಗಿಸಿಕೊಂಡು ಹೋಗಿದೆ, ಆ ಪೈಪಿಗೆ ಇನ್ನು ರಿಪೇರಿಯಿಲ್ಲ. (ಕೆರೆಯುವ ಮೊದಲು ತುಂಡನ್ನು ನೀರಲ್ಲಿ ನೆನೆಸಬೇಕು. ಕಲ್ನಾರಿನ ಒಣ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.)

ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದ ಅಂದಾಜು ಪಟ್ಟಿ ಹೊಸ ಪೈಪನ್ನೂ ಕೆಡಿಸುತ್ತದೆ. ಟ್ರ್ಯಾಕ್ಟರಿನ ಭಾರಕ್ಕೆ ಮುರಿದ ಕಡೆ ಅದೇ ಆಳಕ್ಕೆ ಪಿ.ವಿ.ಸಿ. ಹಾಕಿದರೆ ಅದೂ ಕೆಲವು ವರ್ಷಕ್ಕೆ ಹೋಗುತ್ತದೆ. ನೇರ ಪಂಪಿಂಗಿನಿಂದ ಸೀಳಿದ ಕಡೆ ಪೈಪು ಬದಲಿಸುವ ಮೊದಲು ಆ ಅಭ್ಯಾಸ ಬದಲಿಸಬೇಕು. ನೀರುಗಂಟಿಯ ನೆನಪಿನಲ್ಲಿ ‘ಬೇವಿನ ಮರದ ಹತ್ರ ಎರಡು ಸಲ, ಡೇರಿ ಮುಂದೆ ಮೂರು ಸಲ’ ಎಂದು ಇರುವುದನ್ನು ದಿನಾಂಕ ಹಾಕಿ, ನಕ್ಷೆಯ ಮೇಲೆ ಚುಕ್ಕಿ ಇಟ್ಟು, ಮುರಿದ ಬಗೆಯನ್ನೂ ಬರೆದು ಪತ್ರಕ್ಕೆ ಲಗತ್ತಿಸಿದರೆ ಅದೇ ದೊಡ್ಡ ಸಾಕ್ಷಿ.

ಮೂರನೆಯದು ಆರೋಗ್ಯದ ಮಾತು. ನಮ್ಮ ಹಳ್ಳಿಗಳ ಪೈಪಿನಲ್ಲಿ ದಿನವಿಡೀ ನೀರಿರುವುದಿಲ್ಲ. ನೀರು ನಿಂತು ಪೈಪು ಬರಿದಾಗುವಾಗ ಒಳಗೆ ಗಾಳಿಯ ಸೆಳೆತ ಉಂಟಾಗುತ್ತದೆ. ನೀರು ಹೊರಗೆ ಸೋರುವ ಬಿರುಕಿನಿಂದಲೇ ಆಗ ಹೊರಗಿನ ಕೊಳಚೆ ಒಳಗೆ ಬರುತ್ತದೆ. ಪೈಪು ಚರಂಡಿಯ ಅಡಿಯಲ್ಲಿ ಹಾದುಹೋಗಿದ್ದರೆ ಮುಂದಿನದು ಹೇಳಬೇಕಿಲ್ಲ. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಅದು ನಗರದ ವ್ಯಾಪ್ತಿಯ ಬಡಾವಣೆ, ಆದರೆ ಇಂಥ ಸುದ್ದಿಯ ನಂತರ ನೀರಿನ ಕಡತಗಳನ್ನು ಅಧಿಕಾರಿಗಳು ಬೇರೆ ಕಣ್ಣಿನಿಂದ ಓದುತ್ತಾರೆ.

ಆದರೆ ‘ಕಲುಷಿತವಾಗುವ ಸಂಭವವಿದೆ’ ಎಂದು ಬರೆದರೆ ಸಾಲದು. ನೀರು ಬಿಟ್ಟ ಮೊದಲ ಹತ್ತು ನಿಮಿಷದೊಳಗೆ ಟ್ಯಾಂಕಿನ ಬುಡದಲ್ಲೂ ಕೊನೆಯ ಮನೆಯಲ್ಲೂ ಮಾದರಿ ಹಿಡಿಯಬೇಕು, ಹೊರಗಿನ ಕೊಳೆ ಇರುವುದು ಆ ಮೊದಲ ನೀರಿನಲ್ಲಿ. ಟ್ಯಾಂಕಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಇದ್ದ ಕ್ಲೋರಿನ್ ಕೊನೆಯ ಮನೆಯಲ್ಲಿ ಸೊನ್ನೆಯಾಗಿದ್ದರೆ ದಾರಿಯಲ್ಲಿ ಏನೋ ಅದನ್ನು ತಿಂದಿದೆ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಕ್ಲೋರಿನ್ ಹಾಕಿದ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಪಂಚಾಯತಿಗಳಲ್ಲಿ ಸಿಗುವ ಎಚ್‌2ಎಸ್ ಬಾಟಲಿಗೆ ನೀರು ತುಂಬಿ ಇಟ್ಟರೆ ಮಲಮೂಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅದು ಸೂಚನೆ ಮಾತ್ರ. ಬಾಟಲಿ ಕಪ್ಪಾದರೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಅದರ ವರದಿಯನ್ನೇ ಲಗತ್ತಿಸಬೇಕು.

ಇನ್ನು ಹೊಸ ಪೈಪಿನ ಅಳತೆ. ಹಳೆಯದು ಎಷ್ಟಿತ್ತೋ ಅಷ್ಟೇ ಹಾಕುವುದು ರೂಢಿಯ ತಪ್ಪು. ಜಲ ಜೀವನ್ ಮಿಷನ್ 2019ರಲ್ಲಿ ಬಂದಾಗಿನಿಂದ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 1,800 ಜನಕ್ಕೆ 99,000 ಲೀಟರ್, ಐದು ಗಂಟೆಯಲ್ಲಿ ಕೊಡಬೇಕೆಂದರೆ ಸೆಕೆಂಡಿಗೆ 5.5 ಲೀಟರ್ ಹರಿಯಬೇಕು. ಟ್ಯಾಂಕಿನ ತಳ ನೆಲದಿಂದ 12 ಮೀಟರ್ ಎತ್ತರ, ಕೊನೆಯ ಕೇರಿಯ ನೆಲ 4 ಮೀಟರ್ ಏರು. ಉಳಿದ 8 ಮೀಟರ್ ಎತ್ತರವೇ ನೀರನ್ನು ತಳ್ಳುವ ಶಕ್ತಿ. ಅದರಲ್ಲಿ ಪೈಪಿನ ಗೋಡೆಯ ಉಜ್ಜಾಟಕ್ಕೆ ಒಂದು ಪಾಲು ಖರ್ಚಾಗುತ್ತದೆ, ಮಿಕ್ಕಿದ್ದು ನಲ್ಲಿಗೆ.

ಪೂರ್ತಿ ನೀರು ಕೊನೆಯವರೆಗೆ ಹರಿಯುತ್ತದೆಂದು ಇಟ್ಟುಕೊಂಡು ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಬಿಗಿಯಾಗಿ ಲೆಕ್ಕ ಹಾಕಿದರೆ, 80 ಮಿಲಿಮೀಟರಿನ ಹಳೇ ಪೈಪಿನಲ್ಲಿ ಅಷ್ಟು ನೀರು ಹರಿಯಲು 28 ಮೀಟರ್ ಎತ್ತರ ಬೇಕು. ಇರುವುದು ಎಂಟು. ಸೋರಿಕೆ ಒಂದು ತೊಟ್ಟೂ ಇಲ್ಲದಿದ್ದರೂ ಕೊನೆಯ ಕೇರಿಗೆ ನೀರು ಸಾಲದು ಎಂದಾಯಿತು! 110 ಮಿಲಿಮೀಟರ್ ಪಿ.ವಿ.ಸಿ. ಹಾಕಿದರೆ ಐದೂವರೆ ಮೀಟರ್ ದಾರಿಯಲ್ಲೇ ಹೋಗಿ ಎರಡೂವರೆ ಉಳಿಯುತ್ತದೆ. ಇವತ್ತಿಗೆ ಹೇಗೋ ಆದೀತು, ಆದರೆ ಬೇಡಿಕೆ ಕಾಲು ಭಾಗ ಹೆಚ್ಚಿದರೆ ಆ ಉಜ್ಜಾಟವೇ ಎಂಟು ಮೀಟರ್ ದಾಟಿ ಮತ್ತೆ ಅದೇ ಗೋಳು. 140 ಮಿಲಿಮೀಟರ್ ಆದರೆ ದಾರಿಯ ಖರ್ಚು ಸುಮಾರು 1.7 ಮೀಟರ್, ಬೇಡಿಕೆ ಕಾಲು ಭಾಗ ಏರಿದಾಗಲೂ 2.5 ಮಾತ್ರ. ಪೈಪಿನ ಬೆಲೆ ಹೆಚ್ಚಾಗುತ್ತದೆ, ಆದರೆ ಅಗೆತ, ಮರಳಿನ ಹಾಸು, ರಸ್ತೆ ರಿಪೇರಿಯ ಖರ್ಚು ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ‘110 ಸಾಕಲ್ಲವೇ?’ ಎಂಬ ಪ್ರಶ್ನೆ ಜಿಲ್ಲೆಯಿಂದ ಬಂದೇ ಬರುತ್ತದೆ. ಉತ್ತರ ಪತ್ರದಲ್ಲೇ ಇದ್ದರೆ ಕಡತದ ಒಂದು ಸುತ್ತು ಉಳಿಯುತ್ತದೆ.

ಇಷ್ಟು ಕೈಯಲ್ಲಿದ್ದರೆ ಪತ್ರ ಬರೆಯುವುದು ದೊಡ್ಡ ಕೆಲಸವಲ್ಲ. ಹೀಗಿರಬಹುದು:

‘ಇವರಿಂದ: ಕಿರಿಯ ಇಂಜಿನಿಯರ್, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಉಪವಿಭಾಗ.
ಇವರಿಗೆ: ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯತಿ.
ಮುಖಾಂತರ: ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಹಾಗೂ ಕಾರ್ಯಪಾಲಕ ಇಂಜಿನಿಯರ್.

ಮಾನ್ಯರೇ,

ವಿಷಯ: ಗ್ರಾಮದ ಓವರ್‌ಹೆಡ್ ಟ್ಯಾಂಕಿನಿಂದ ಮೂರನೇ ಕೇರಿಯವರೆಗಿನ 1,100 ಮೀಟರ್ ಎ.ಸಿ. ಪೈಪ್‌ಲೈನಿನ ಬದಲಿಗೆ 140 ಮಿ.ಮೀ. ಪಿ.ವಿ.ಸಿ. ಪೈಪ್‌ಲೈನ್ ಅಳವಡಿಸಲು ಆಡಳಿತಾತ್ಮಕ ಅನುಮೋದನೆ ಕೋರಿ.
ಉಲ್ಲೇಖ: ಗ್ರಾಮ ಪಂಚಾಯತಿ ಸಾಮಾನ್ಯ ಸಭೆಯ ನಡಾವಳಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕೊಳವೆಯ ಸೋರಿಕೆಯನ್ನು ಪಂಚಾಯತಿ ಸದಸ್ಯರು ಹಾಗೂ ನೀರುಗಂಟಿಯ ಸಮಕ್ಷಮ ರಾತ್ರಿ ಪರೀಕ್ಷೆಯಲ್ಲಿ ಅಳೆಯಲಾಗಿದ್ದು, ಗಂಟೆಗೆ 2,750 ಲೀಟರ್ ಕಂಡುಬಂದಿದೆ. ಕೇರಿಗಳೊಳಗಿನ ಪೈಪ್‌ಲೈನ್ ಸುಸ್ಥಿತಿಯಲ್ಲಿರುವುದರಿಂದ ಅದನ್ನು ಈ ಪ್ರಸ್ತಾವನೆಯಲ್ಲಿ ಸೇರಿಸಿರುವುದಿಲ್ಲ. ಕೊನೆಯ ಮನೆಯ ನೀರಿನಲ್ಲಿ ಶೇಷ ಕ್ಲೋರಿನ್ ಕಂಡುಬಂದಿರುವುದಿಲ್ಲ, ಪ್ರಯೋಗಾಲಯದ ವರದಿ ಲಗತ್ತಿಸಿದೆ. ಈ ಭಾಗವನ್ನು ಜಲ ಜೀವನ್ ಮಿಷನ್ ಅಥವಾ ಬೇರೆ ಯಾವುದೇ ಯೋಜನೆಯಲ್ಲಿ ಕೈಗೆತ್ತಿಕೊಂಡಿರುವುದಿಲ್ಲವೆಂದು ದೃಢೀಕರಿಸಿದೆ. ವೆಚ್ಚವನ್ನು ಹಣಕಾಸು ಆಯೋಗದ ಅನುದಾನದ ಕುಡಿಯುವ ನೀರಿನ ನಿರ್ಬಂಧಿತ ಪಾಲಿನಿಂದ ಭರಿಸಲು ಕ್ರಿಯಾ ಯೋಜನೆಯಲ್ಲಿ ಅಳವಡಿಸಲಾಗಿದೆ. ಅನುಮೋದನೆ ನೀಡಬೇಕೆಂದು ಕೋರುತ್ತೇನೆ.

ಅಡಕ: ನಕ್ಷೆ, ಸೋರಿಕೆ ಅಳತೆಯ ತಃಖ್ತೆ, ಒಡೆತಗಳ ಪಟ್ಟಿ, ನೀರಿನ ವರದಿ, ಅಂದಾಜು ಪಟ್ಟಿ, ನಡಾವಳಿ.’

ಒಂದೇ ಪುಟ. ವಿಶೇಷಣಗಳಿಲ್ಲ. ‘ಸೇರಿಸಿರುವುದಿಲ್ಲ’ ಎಂಬ ಆ ಒಂದು ವಾಕ್ಯ ನನಗೆ ಬಹಳ ಬೆಲೆಯುಳ್ಳದ್ದೆನಿಸುತ್ತದೆ. ಕೇಳಬಹುದಾಗಿದ್ದನ್ನು ಕೇಳದೆ ಬಿಟ್ಟವರು ಕೇಳಿದ್ದರ ಮೇಲೆ ಓದುವವರಿಗೆ ಭರವಸೆ ಹುಟ್ಟುತ್ತದೆ.

ಬೇರೆ ಯೋಜನೆಯಲ್ಲಿ ಕೈಗೆತ್ತಿಕೊಂಡಿಲ್ಲ ಎಂಬ ದೃಢೀಕರಣ ಬರಿಯ ಶಾಸ್ತ್ರವಲ್ಲ. ಇತ್ತೀಚಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಯಲ್ಲೂ ಮನೆ ಮನೆಗೆ ನಲ್ಲಿ ಹಾಕಿದ್ದಾರೆ. ಎಷ್ಟೋ ಕಡೆ ಕೇರಿಯೊಳಗೆ ಹೊಸ ಪೈಪು, ನಲ್ಲಿ, ಮೀಟರ್ ಎಲ್ಲ ಬಂದು, ಅವಕ್ಕೆ ನೀರು ತರುವ ಮುಖ್ಯ ಕೊಳವೆ ಮಾತ್ರ ಹಳೆಯದೇ ಉಳಿದಿರುತ್ತದೆ. ಜಿಲ್ಲಾ ಕಚೇರಿಯ ದಾಖಲೆಯಲ್ಲಿ ಆ ಊರು ‘ಪೂರ್ಣಗೊಂಡಿದೆ’ ಎಂದಿರುತ್ತದೆ. ಮತ್ತೆ ಅದೇ ಊರಿಗೆ ದುಡ್ಡು ಯಾಕೆ ಎಂಬ ಪ್ರಶ್ನೆ ಸಹಜ. ಹೊಸದೆಲ್ಲಿ ಮುಗಿಯುತ್ತದೆ, ಹಳೆಯದೆಲ್ಲಿ ಶುರುವಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಎರಡು ಬಣ್ಣದಲ್ಲಿ ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

‘ಅನುಮೋದನೆ’ ಎಂದರೂ ಅದು ಎರಡು ಬಗೆ. ಈ ಕೆಲಸ ಬೇಕು, ಇಷ್ಟು ದುಡ್ಡನ್ನು ಇದಕ್ಕೆ ಬಳಸಬಹುದು ಎನ್ನುವುದು ಆಡಳಿತಾತ್ಮಕ ಅನುಮೋದನೆ. ವಿನ್ಯಾಸ ಸರಿಯಿದೆ, ದರಪಟ್ಟಿಯ ಪ್ರಕಾರ ಅಂದಾಜು ಸರಿಯಿದೆ ಎನ್ನುವುದು ತಾಂತ್ರಿಕ ಮಂಜೂರಾತಿ. ಅದನ್ನು ಕೊಡುವವರು ಇಂಜಿನಿಯರುಗಳು, ಯಾರು ಎಷ್ಟು ಮೊತ್ತದವರೆಗೆ ಕೊಡಬಹುದು ಎಂಬುದಕ್ಕೆ ಮಿತಿ ಇದೆ. ಮಿತಿಯೊಳಗೆ ತೂರಿಸಲೆಂದು 1,100 ಮೀಟರನ್ನು ಮೂರು ಕಾಮಗಾರಿಯಾಗಿ ತುಂಡರಿಸುವವರಿದ್ದಾರೆ. ಕೆಲಸ ಬೇಗ ಆಗುತ್ತದೆ ಎಂಬುದು ಅವರ ಸಮಜಾಯಿಷಿ. ಲೆಕ್ಕ ಪರಿಶೋಧನೆಯಲ್ಲಿ ಅದು ಮೊದಲಿಗೇ ಸಿಕ್ಕಿಬೀಳುತ್ತದೆ, ಮೂರು ಗುತ್ತಿಗೆದಾರರು ಮೂರು ಆಳದಲ್ಲಿ ಹಾಕಿದ ಪೈಪು ಕೂಡುವ ಜಾಗದಲ್ಲಿ ಹೊಸ ಸೋರಿಕೆಯೂ ಹುಟ್ಟುತ್ತದೆ.

ಅಂದಾಜು ಪಟ್ಟಿಯಲ್ಲಿ ಪೈಪು, ಅಗೆತ, ಮರಳು ಯಾರೂ ಮರೆಯುವುದಿಲ್ಲ. ಮರೆತುಹೋಗುವುದು ಮುಖ್ಯ ಕೊಳವೆಯಿಂದಲೇ ನೇರವಾಗಿ ನಲ್ಲಿ ಪಡೆದ ಮನೆಗಳು. ಹೊಸ ಕೊಳವೆಗೆ ಆ ಸಂಪರ್ಕಗಳನ್ನು ವರ್ಗಾಯಿಸುವ ಬಾಬ್ತು ಪಟ್ಟಿಯಲ್ಲಿಲ್ಲದಿದ್ದರೆ ಗುತ್ತಿಗೆದಾರ ತನ್ನ ಪೈಪು ಹೂತು, ಬಿಲ್ಲು ಮಾಡಿಸಿಕೊಂಡು ಹೋಗುತ್ತಾನೆ. ಆ ಮನೆಗಳು ಹಳೇ ಪೈಪಿನಲ್ಲೇ ಉಳಿಯುತ್ತವೆ. ಅವರಿಗಾಗಿ ಟ್ಯಾಂಕಿನ ಬುಡದಲ್ಲಿ ಹಳೇ ಕೊಳವೆಯನ್ನೂ ತೆರೆದೇ ಇಡಬೇಕಾಗುತ್ತದೆ. ಎ.ಸಿ. ಪೈಪನ್ನು ಅಗೆದು ಒಡೆಯುವುದು ಅಪಾಯವಾದ್ದರಿಂದ ಅದನ್ನು ನೆಲದಲ್ಲೇ ಬಿಟ್ಟು ಪಕ್ಕದಲ್ಲಿ ಹೊಸ ಕಾಲುವೆ ತೋಡುವುದು ಸರಿಯಾದ ಕ್ರಮ. ಆದರೆ ಟ್ಯಾಂಕಿನ ಬಳಿ ಅದರ ಬಾಯಿಗೆ ಎಂಡ್ ಕ್ಯಾಪ್ ಬಿಗಿದು ಕಾಂಕ್ರೀಟು ಹಾಕಿದ ಫೋಟೊ ಇಲ್ಲದೆ ಅಂತಿಮ ಬಿಲ್ಲಿಗೆ ಸಹಿ ಬೀಳಬಾರದು. ಅದೇ ರಾತ್ರಿ ಟ್ಯಾಂಕಿಗೆ ಮತ್ತೊಮ್ಮೆ ಅಳತೆ ಕೋಲು ಇಳಿಸಿ, 14 ಸೆಂಟಿಮೀಟರಿದ್ದ ಇಳಿತ ಈಗ ಎಷ್ಟಾಗಿದೆ ಎಂದು ಅಳತೆ ಪುಸ್ತಕದಲ್ಲಿ ಬರೆಯಬೇಕು.